ಎರಡು ವರ್ಷವೋ, ಮೂರು ವರ್ಷವೋ: ಫಾರ್ಮಸಿ ಪರೀಕ್ಷೆಯಲ್ಲಿ ಎಚ್-ಒನ್ ಗೊಂದಲ

ತೀರ್ಥಹಳ್ಳಿಯ ನಮ್ಮ ಮೆಡಿಕಲ್‌ಗೆ ತರಬೇತಿಗೆ ಬರುವ ಡಿ.ಫಾರ್ಮ ಹುಡುಗರು ಪರೀಕ್ಷೆ ಹತ್ತಿರ ಬಂದಾಗ ಒಂದೇ ಪ್ರಶ್ನೆ ಕೇಳುತ್ತಾರೆ: 'ಅಣ್ಣಾ, ದಾಖಲೆ ಎರಡು ವರ್ಷ ಇಡಬೇಕಾ, ಮೂರು ವರ್ಷನಾ?' ಉತ್ತರ ಎರಡೂ ಹೌದು. ಯಾವ ಔಷಧಕ್ಕೆ ಎಂಬುದರ ಮೇಲೆ ಹೋಗುತ್ತದೆ.

ಔಷಧಕ್ಕೆ ಕಾನೂನು ಬೇಕೆಂದ ಚೋಪ್ರಾ ಸಮಿತಿ, 1940ರ ಔಷಧ ಕಾಯ್ದೆ, ಅದರಡಿಯ 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ. ಪಠ್ಯದ ಮೊದಲ ಅಧ್ಯಾಯ ಇಷ್ಟೇ. ಇದರ ಜೊತೆಗೆ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿ ಶೆಡ್ಯೂಲ್ ಎಚ್, ಅದಕ್ಕಿಂತ ಬಿಗಿಯಾದ ಪಟ್ಟಿ ಶೆಡ್ಯೂಲ್ ಎಕ್ಸ್, 1985ರಲ್ಲಿ ಮಾದಕ ಪದಾರ್ಥಗಳ ಎನ್‌ಡಿಪಿಎಸ್ ಕಾಯ್ದೆಯೂ ಬಂತು. ಒಂದು ನಿಯಮದ ಮೇಲೆ ಇನ್ನೊಂದು ಏರಿತು. ಆದರೆ ಈಗಿನ ಗೊಂದಲದ ಬೇರು 2010ರ ಆಸುಪಾಸಿನದು.

ಆ ವರ್ಷ ಎನ್‌ಡಿಎಂ-1 ಎಂಬ ಕಿಣ್ವದ ಸುದ್ದಿ ದೇಶವನ್ನು ಅಲ್ಲಾಡಿಸಿತು. ಅದು ಇರುವ ಬ್ಯಾಕ್ಟೀರಿಯಾಗಳಿಗೆ ಕಾರ್ಬಪೆನೆಮ್‌ನಂಥ ದೊಡ್ಡ ಆ್ಯಂಟಿಬಯೋಟಿಕ್‌ಗಳೂ ತಾಗುವುದಿಲ್ಲ. ಶೆಡ್ಯೂಲ್ ಎಚ್ ಇದ್ದರೂ ಚೀಟಿ ಇಲ್ಲದೆ ಮಾತ್ರೆ ಹೋಗುವುದು ನಿಂತಿರಲಿಲ್ಲ, ಯಾವ ಊರಲ್ಲೂ. ಹಾಗಾಗಿ 2013ರ ಆಗಸ್ಟ್ ಅಧಿಸೂಚನೆಯಲ್ಲಿ ಶೆಡ್ಯೂಲ್ ಎಚ್-ಒನ್ ಹುಟ್ಟಿತು. 2014ರ ಮಾರ್ಚ್ 1ರಿಂದ ಜಾರಿ. ಮೊದಲಿಗೆ 46 ಔಷಧಗಳು: ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್, ಕ್ಷಯದ ಔಷಧ, ಜೊತೆಗೆ ಆಲ್ಪ್ರಜೋಲಾಮ್, ಟ್ರಮಡಾಲ್‌ನಂಥ ಚಟ ಹಿಡಿಸುವವು.

ಇವುಗಳನ್ನು ಮಾರಿದಾಗ ಬೇರೆಯೇ ರಿಜಿಸ್ಟರ್ ಬರೆಯಬೇಕು. ಅದರಲ್ಲಿ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇರಬೇಕು. ಅದನ್ನು ಮೂರು ವರ್ಷ ಇಡಬೇಕು. ಶೆಡ್ಯೂಲ್ ಎಕ್ಸ್‌ನದು ಬೇರೆ ದಾರಿ. ಅಲ್ಲಿ ವೈದ್ಯರ ಚೀಟಿಯೇ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಒಂದು ಕಡೆ ಪುಸ್ತಕಕ್ಕೆ ಮೂರು, ಇನ್ನೊಂದು ಕಡೆ ಚೀಟಿಗೆ ಎರಡು. ಹುಡುಗರು ಜಾರುವುದು ಇಲ್ಲೇ.

ಒಂದು ಚೀಟಿ ನೋಡೋಣ. ಹಲ್ಲಿನ ಕೀವಿಗೆ ವೈದ್ಯರು ಬರೆದಿದ್ದಾರೆ: ಸೆಫಿಕ್ಸಿಮ್ 200 ಮಿ.ಗ್ರಾಂ ದಿನಕ್ಕೆ ಎರಡು, ಐದು ದಿನ. ಡೈಕ್ಲೋಫೆನಾಕ್ ದಿನಕ್ಕೆ ಎರಡು, ಮೂರು ದಿನ. ರಾತ್ರಿ ನಿದ್ದೆಗೆ ಆಲ್ಪ್ರಜೋಲಾಮ್ 0.25, ಐದು ದಿನ. ಎಚ್-ಒನ್ ರಿಜಿಸ್ಟರ್‌ಗೆ ಯಾವುದು ಹೋಗುತ್ತದೆ? ಸೆಫಿಕ್ಸಿಮ್ 10 ಮತ್ತು ಆಲ್ಪ್ರಜೋಲಾಮ್ 5 ಮಾತ್ರ. ಡೈಕ್ಲೋಫೆನಾಕ್ 6 ಬರೀ ಎಚ್, ಅದಕ್ಕೆ ಚೀಟಿ ಬೇಕು, ಈ ಪುಸ್ತಕ ಬೇಡ. ವಾರ ಬಿಟ್ಟು ಅದೇ ಚೀಟಿ ಹಿಡಿದು ಬಂದರೆ? ಮತ್ತೆ ಕೊಡಬಹುದು ಎಂದು ವೈದ್ಯರು ಬರೆದಿಲ್ಲದಿದ್ದರೆ ಎರಡನೇ ಸಲ ಕೊಡುವ ಹಾಗಿಲ್ಲ. ಮೊದಲ ಸಲವೇ ಅಂಗಡಿಯ ಹೆಸರು, ವಿಳಾಸ, ತಾರೀಖು ಹಾಕಿ ಚೀಟಿಗೆ ಮೊಹರು ಬಡಿಯುವುದು ಇದಕ್ಕೇ.

ಇದೇ ಚೀಟಿ ಇನ್ನೊಂದು ಬಲೆಯನ್ನೂ ತೋರಿಸುತ್ತದೆ. ಆಲ್ಪ್ರಜೋಲಾಮ್ ಮಾತ್ರೆಯ ಸ್ಟ್ರಿಪ್ ಮೇಲೆ NRx ಇರುತ್ತದೆ. ಅರ್ಧ ತರಗತಿ ಇದನ್ನು ಶೆಡ್ಯೂಲ್ ಎಕ್ಸ್ ಎಂದು ಬರೆಯುತ್ತದೆ! ಎಕ್ಸ್‌ಗೆ ಇರುವುದು XRx. ಎನ್ ಎಂದರೆ ಅದು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಯಲ್ಲೂ ಬರುತ್ತದೆ ಎಂದರ್ಥ. ಬರೀ ಎಚ್-ಒನ್ ಆದರೆ ಕೆಂಪು Rx ಮತ್ತು ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ. ಒಂದು ಅಕ್ಷರಕ್ಕೆ ಒಂದು ಅಂಕ ಹೋಗುತ್ತದೆ.

ಪ್ರಶ್ನೆಪತ್ರಿಕೆಗಳು ಬಹುಪಾಲು ಸಂಖ್ಯೆಗಳನ್ನೇ ಕೇಳುತ್ತವೆ. ಮೂರು ಅಂತ ಬರೆದವನಿಗೆ ಅಂಕ ಸಿಗುತ್ತದೆ, ಮೂರು ಯಾಕೆ ಎಂದು ಗೊತ್ತಿಲ್ಲದಿದ್ದರೂ ಸಿಗುತ್ತದೆ. ಇದು ನನಗೆ ಸ್ವಲ್ಪ ಕಿರಿಕಿರಿ. ಆಗುಂಬೆ ಕಡೆಯ ಮಳೆಯಲ್ಲಿ ಒಂದು ರಿಜಿಸ್ಟರ್ ಮೂರು ವರ್ಷ ಉಳಿಸುವುದು ಏನು ಅಂತ ಕಪಾಟಿನ ಮುಂದೆ ನಿಂತಾಗ ಗೊತ್ತಾಗುತ್ತದೆ. ಜುಲೈ ಹೊತ್ತಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನೀಲಿ ಶಾಯಿ ಹರಡಿರುತ್ತದೆ. ನಾವು ಬಾಲ್‌ಪೆನ್‌ನಲ್ಲೇ ಬರೆದು, ಹಳೆಯ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೇಲಿನ ಹಲಗೆಯಲ್ಲಿಡುತ್ತೇವೆ.

ಎಚ್-ಒನ್ ರಿಜಿಸ್ಟರ್‌ನಲ್ಲಿ ಏನೇನಿರಬೇಕು ಎಂದು ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ. ವೈದ್ಯರ ವಿಳಾಸ ಇದೆ, ರೋಗಿಯದು ಇಲ್ಲ. ಸಾಮಾನ್ಯ ಪ್ರಿಸ್ಕ್ರಿಪ್ಷನ್ ರಿಜಿಸ್ಟರ್‌ನಲ್ಲಿ ರೋಗಿಯ ವಿಳಾಸವೂ ಬೇಕು, ಹಾಗಾಗಿ ಹುಡುಗರು ಅದನ್ನು ಇಲ್ಲಿಗೂ ಸೇರಿಸಿ ತಪ್ಪು ಮಾಡುತ್ತಾರೆ. ಪರೀಕ್ಷೆಯ ಮಟ್ಟಿಗೆ ತಪ್ಪು, ನಿಜ. ಅಂಗಡಿಯಲ್ಲಿ ಮಾತ್ರ 'ಮಂಜಪ್ಪ, ಆಲ್ಪ್ರಜೋಲಾಮ್, 5' ಎಂದು ಬರೆದಿರುವ ಸಾಲನ್ನು ನೋಡಿದರೆ ಯಾವ ಮಂಜಪ್ಪ ಅಂತ ನನಗೇ ಗೊತ್ತಾಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಬರುವ ಹುಡುಗರಿಗೆ ಪರೀಕ್ಷೆಯಲ್ಲಿ ವಿಳಾಸ ಬಿಡಿ, ರಿಜಿಸ್ಟರ್‌ನಲ್ಲಿ ಊರು ಬರೆಯಿರಿ ಎನ್ನುತ್ತೇನೆ.