ಮೊತ್ತ ಸರಿ, ಸಾಲು ತಪ್ಪು

"ರೊಕ್ಕ ಪೂರಾ ಕಟ್ಟೇವಲ್ರೀ, ಮತ್ಯಾಕ ಮೇಲ್ ಕಳಸಾಕತ್ತೀರಿ?"

ಹುಬ್ಬಳ್ಳಿಯ ಡೀಲರ್ ಒಬ್ಬರು ಪೀಣ್ಯದ ಕಾರ್ಖಾನೆಗೆ ಹೀಗೆ ಫೋನ್ ಮಾಡಿದ್ದರು. ಆರ್ಡರ್, ಸ್ಟಾಕ್, ಬಿಲ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಇಡುವ ಅಲ್ಲಿನ ಇಆರ್‌ಪಿ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. 4,920 ರೂಪಾಯಿ ಬಾಕಿ ಇದೆ ಎಂದು ಅವರಿಗೆ ಮೂರನೇ ಸಲ ಮೇಲ್ ಹೋಗಿತ್ತು. ಅಕೌಂಟ್ಸ್ ಹುಡುಗ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತೋರಿಸಿದ, ಟ್ಯಾಲಿ ಆಗಿದೆ. ಲೆಡ್ಜರ್ ತೋರಿಸಿದ, ಡೀಲರ್ ಬಾಕಿ ಬರೀ 200. "ಸಾಫ್ಟ್‌ವೇರೇ ಏನೋ ಎಡವಟ್ಟು ಮಾಡಿದೆ ಸಾರ್" ಅಂದ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ದೆವ್ವ ಹಿಡಿದಿದೆ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಡೆದದ್ದು ಇಷ್ಟು. 200 ಹಿತ್ತಾಳೆ ವಾಲ್ವ್‌ಗಳಿಗೆ ಕೊಟೇಶನ್ ಹೋಯಿತು, ಒಂದಕ್ಕೆ 1,000 ರೂಪಾಯಿ. ಡೀಲರ್ ಒಪ್ಪಿದರು, ಆರ್ಡರ್ ಆಯಿತು. ನಾವು ಬಳಸುವುದು ಇಆರ್‌ಪಿನೆಕ್ಸ್ಟ್. ಅದರಲ್ಲಿ ಆರ್ಡರ್ ಮೇಲೆ `To Deliver and Bill` ಎಂದು ಕಾಣಿಸುತ್ತದೆ. ಅಂದರೆ ಮಾಲು ಕಳಿಸಬೇಕು, ಬಿಲ್ಲೂ ಮಾಡಬೇಕು. ಇಲ್ಲಿಯವರೆಗೆ ಲೆಡ್ಜರ್‌ನಲ್ಲಿ ಒಂದು ಪೈಸೆಯೂ ಅಲ್ಲಾಡಿಲ್ಲ. ಆರ್ಡರ್ ಅನ್ನುವುದು ಬರೀ ಮಾತು. ಮಾತಿಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಇಲ್ಲ.

ಮಾಲು ಗೋಡೌನ್ ಬಿಟ್ಟಾಗ ಮೊದಲ ಸಲ ಪುಸ್ತಕ ಅಲ್ಲಾಡುತ್ತದೆ. ಡೆಲಿವರಿ ನೋಟ್ ಹಾಕಿದ ತಕ್ಷಣ ಸ್ಟಾಕ್ ಕಡಿಮೆಯಾಗಿ, ಆ ಮಾಲಿನ ತಯಾರಿಕೆ ಖರ್ಚು ಲಾಭ-ನಷ್ಟದ ಕಡೆಗೆ ಹೋಗುತ್ತದೆ. ಆದಾಯ ಬರುವುದು ಇನ್ವಾಯ್ಸ್ ಮಾಡಿದಾಗ ಮಾತ್ರ. ಡೆಲಿವರಿ ಮಾರ್ಚ್ 31ಕ್ಕೆ, ಇನ್ವಾಯ್ಸ್ ಏಪ್ರಿಲ್ 1ಕ್ಕೆ ಮಾಡಿದರೆ ಖರ್ಚು ಒಂದು ವರ್ಷಕ್ಕೆ, ಆದಾಯ ಇನ್ನೊಂದು ವರ್ಷಕ್ಕೆ. ಮಾಲು ಹೊರಡುವ ಹೊತ್ತಿಗೇ ಇನ್ವಾಯ್ಸ್ ಇರಬೇಕು ಎಂದು ಜಿಎಸ್‌ಟಿ ನಿಯಮವೂ ಹೇಳುತ್ತದೆ. ಹಾಗಾಗಿ ನಾವು ಎರಡನ್ನೂ ಒಂದೇ ದಿನ ಮಾಡುತ್ತೇವೆ.

ಮೊದಲ ಲಾರಿಯಲ್ಲಿ 120 ವಾಲ್ವ್ ಹೋದವು. 18% ಜಿಎಸ್‌ಟಿ ಸೇರಿ ಬಿಲ್ 1,41,600. ಆಮೇಲೆ ಉಳಿದ 80, ಬಿಲ್ 94,400. ಒಟ್ಟು 2,36,000. ಮೊದಲ ಲಾಟ್‌ನಲ್ಲಿ 4 ವಾಲ್ವ್ ಸೋರುತ್ತಿದ್ದವು, ವಾಪಸ್ ಬಂದವು. ಅಷ್ಟು ಹಣ ನೀವು ಕೊಡಬೇಕಿಲ್ಲ ಎಂದು ತೆರಿಗೆ ಸೇರಿ 4,720 ರೂಪಾಯಿಯ ಕ್ರೆಡಿಟ್ ನೋಟ್ ಕೊಟ್ಟೆವು. ಈ ಡೀಲರ್ ವಹಿವಾಟು 10 ಕೋಟಿ ದಾಟಿದ್ದು. ನಮ್ಮಿಂದ ಆ ವರ್ಷ ಕೊಂಡ ಮಾಲೂ 50 ಲಕ್ಷ ದಾಟಿತ್ತು. ಹಾಗಾಗಿ ಕಾನೂನಿನ ಪ್ರಕಾರ 0.1% ಟಿಡಿಎಸ್, ಅಂದರೆ ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಹಿಡಿದರು. ಜಿಎಸ್‌ಟಿ ಬಿಟ್ಟು ಬಿಲ್ ಮೊತ್ತ 2,00,000, ಅದರ ಮೇಲೆ 200 ರೂಪಾಯಿ. ಕೊನೆಗೆ ಒಂದೇ ಆರ್‌ಟಿಜಿಎಸ್‌ನಲ್ಲಿ 2,31,080 ಬಂತು. ಡೀಲರ್ ಲೆಕ್ಕ ಪಕ್ಕಾ ಇತ್ತು.

ಹುಡುಗ ಮಾಡಿದ್ದೇನು? ಬಂದ ಹಣವನ್ನು ಹಳೆಯ ಬಿಲ್ಲಿಗೆ ಮೊದಲು ಪೂರ್ತಿ ಹಾಕಿದ, ಮಿಕ್ಕ 89,480 ಅನ್ನು ಎರಡನೇದಕ್ಕೆ. ಎರಡನೇ ಬಿಲ್ಲಿನಲ್ಲಿ 4,920 ಉಳಿಯಿತು. 4,720 ಮತ್ತು 200 ಕೂಡಿಸಿ ನೋಡಿ. ಕ್ರೆಡಿಟ್ ನೋಟ್ ಯಾವ ಬಿಲ್ಲಿಗೂ ಅಂಟದೆ ಮೈನಸ್ 4,720 ಎಂದು ಒಂಟಿಯಾಗಿ ನಿಂತಿತ್ತು. ಕೂಡಿ ಕಳೆದರೆ 200, ಲೆಡ್ಜರ್ ಹೇಳಿದ್ದು ಅದನ್ನೇ. ಆದರೆ ರಿಮೈಂಡರ್ ಮೇಲ್ ಒಟ್ಟು ಮೊತ್ತ ನೋಡುವುದಿಲ್ಲ. ಬಿಲ್ಲು ಬಿಲ್ಲಾಗಿ ನೋಡುತ್ತದೆ.

ಇಲ್ಲೇ ಇರುವುದು ನನಗೆ ಭಾರೀ ಇಷ್ಟವಾದ ವಿಷಯ. ಬಾಕಿ ಲೆಕ್ಕ ಇಡುವುದರಲ್ಲಿ ಎರಡು ಜಾತಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಒಂದು ಜಾತಿ. ಅಕ್ಕಿ, ಬೇಳೆ, ಸೋಪು ಎಂದು ಬರೆದುಕೊಂಡು ಹೋಗುತ್ತಾರೆ, ನೀವು 500 ಕೊಟ್ಟರೆ ಒಟ್ಟಿನಲ್ಲಿ ಕಳೆಯುತ್ತಾರೆ. ಆ 500 ಬೇಳೆಗೋ ಸೋಪಿಗೋ ಯಾರೂ ಕೇಳುವುದಿಲ್ಲ. ಇನ್ನೊಂದು ಜಾತಿ ಬಸ್ ಕಂಡಕ್ಟರದ್ದು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರಲ್ವಾ? ಆ ಬಾಕಿ ಆ ಟಿಕೆಟ್‌ಗೇ ಸೇರಿದ್ದು. ಇಳಿಯುವಾಗ ಅದೇ ಟಿಕೆಟ್ ತೋರಿಸಿ ಚಿಲ್ಲರೆ ಇಸ್ಕೊಂಡರೆ ಮಾತ್ರ ಲೆಕ್ಕ ಚುಕ್ತಾ. ಚಪ್ಪಲಿ ಬಿಡುವ ಜಾಗದ ಟೋಕನ್ನೂ ಹಾಗೆಯೇ. ನೂರು ಜೊತೆ ಒಳಗೆ, ನೂರು ಜೊತೆ ಹೊರಗೆ, ಒಟ್ಟು ಲೆಕ್ಕ ಸರಿ. ನಿಮ್ಮ ಕಾಲಿಗೆ ಬೇರೆಯವರ ಚಪ್ಪಲಿ ಬಂದಿದ್ದರೆ?

ಇಆರ್‌ಪಿ ಕಂಡಕ್ಟರ್ ಜಾತಿ. ಅದಕ್ಕೆ ಪ್ರತಿ ಇನ್ವಾಯ್ಸೂ ಒಂದು ಟಿಕೆಟ್. ಒಂದೊಂದಕ್ಕೂ ಬೇರೆ ಗಡುವು, ಬೇರೆ ತಕರಾರು. ಸೋರಿದ ವಾಲ್ವ್‌ಗಳ ತಕರಾರು ಮೊದಲ ಬಿಲ್ಲಿನದು, ಎರಡನೇ ಬಿಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಹುಡುಗ ಟಿಕೆಟ್ ಲೆಕ್ಕವನ್ನು ಉದ್ರಿ ಪುಸ್ತಕದ ತಲೆಯಿಂದ ಮಾಡಿದ್ದ.

ಹಾಗಂತ ಉದ್ರಿ ಪುಸ್ತಕವನ್ನು ಬೈಯುವ ಹಾಗಿಲ್ಲ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಜಮಾ-ಖರ್ಚಿನ ಜೋಡಿ ನಮೂದನ್ನು ಅಚ್ಚು ಹಾಕಿಸಿದಾಗಿನಿಂದ ಲೆಡ್ಜರ್‌ನ ಮೂಲ ನಿಯಮ ಬದಲಾಗಿಲ್ಲ: ಎರಡು ಕಡೆ ಸಮ ಇರಬೇಕು. ಆದರೆ ಯಾವ ಜಮೆ ಯಾವ ಖರ್ಚಿಗೆ ಎಂದು ಆ ನಿಯಮ ಕೇಳುವುದೇ ಇಲ್ಲ. 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟ ಐದು ಜನ ಶುರು ಮಾಡಿದ ಎಸ್‌ಎಪಿ ಕಂಪನಿಯದ್ದರಂಥ ಇಆರ್‌ಪಿ ವ್ಯವಸ್ಥೆಗಳಲ್ಲಿ ಆರ್ಡರ್, ಡೆಲಿವರಿ, ಬಿಲ್, ಹಣ ಒಂದರ ಬಾಲ ಒಂದು ಹಿಡಿದುಕೊಂಡಿರುತ್ತವೆ. ಬಂದ ಹಣಕ್ಕೆ ಸರಿಯಾದ ಕೊಂಡಿ ಹಾಕುವುದು ಮಾತ್ರ ಕಂಪ್ಯೂಟರ್ ಮುಂದೆ ಕೂತ ಮನುಷ್ಯನ ಕೆಲಸ.

"ಬ್ಯಾಂಕ್ ಟ್ಯಾಲಿ ಆಗಿದೆಯಲ್ಲ" ಅನ್ನುವುದು ಇನ್ನೊಂದು ಮೂಢನಂಬಿಕೆ. ಬ್ಯಾಂಕ್ ಹೊಂದಾಣಿಕೆ ಹೇಳುವುದು 2,31,080 ನಿಜವಾಗಿ ಬಂತು ಎಂದಷ್ಟೇ. ಯಾವುದಕ್ಕೆ ಬಂತು ಎಂಬುದನ್ನು ಡೀಲರ್ ಕಳಿಸುವ ಪೇಮೆಂಟ್ ಅಡ್ವೈಸ್ ಹೇಳಬೇಕು. ಅವರು ಕಳಿಸಿದ್ದರು. ನಮ್ಮ ಮೇಲ್‌ಬಾಕ್ಸ್‌ನಲ್ಲಿ ಯಾರೂ ತೆರೆಯದೆ ಬಿದ್ದಿತ್ತು.

ಆಗಬಾರದ್ದು ಇನ್ನೂ ಒಂದು ಆಗುವುದರಲ್ಲಿತ್ತು. ಕಿರಿಕಿರಿ ಸಾಕು ಎಂದು ಮಾಲೀಕರು 4,920 ಅನ್ನು ಬಾರದ ಹಣ ಎಂದು ನಷ್ಟಕ್ಕೆ ಬರೆದು ರೈಟ್ ಆಫ್ ಮಾಡಿಬಿಡಿ ಅಂದಿದ್ದರು. ಮಾಡಿದ್ದರೆ ಮೇಲ್ ನಿಲ್ಲುತ್ತಿತ್ತು. ಆದರೆ ಒಂಟಿ ಕ್ರೆಡಿಟ್ ನೋಟ್ ಹಾಗೇ ಉಳಿದು, ಮುಂದಿನ ಬಿಲ್ಲಿನಲ್ಲಿ ಡೀಲರ್‌ಗೆ ಅದೇ 4,720 ಎರಡನೇ ಸಲ ಸಿಗುತ್ತಿತ್ತು. ಟಿಡಿಎಸ್ 200 ನಮ್ಮದೇ ತೆರಿಗೆ ಹಣ. ಅದೂ ಸುಮ್ನೆ ನಷ್ಟದ ಪಟ್ಟಿಗೆ ಸೇರುತ್ತಿತ್ತು. ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ. `Accounts Receivable` ರಿಪೋರ್ಟ್ ತೆರೆದು ಒಬ್ಬನೇ ಗಿರಾಕಿಯ ಹೆಸರಿನಲ್ಲಿ ಒಂದು ಹಳೇ ಬಾಕಿ, ಜೊತೆಗೇ ಒಂದು ಮೈನಸ್ ಸಾಲು ಇದೆಯಾ ನೋಡಿ. ಇದ್ದರೆ ಎಲ್ಲೋ ಕೊಂಡಿ ತಪ್ಪಿದೆ.

ಸರಿಪಡಿಸಲು ಕಾಲು ಗಂಟೆ ಸಾಕಾಯಿತು. ಬಿಲ್ಲುಗಳಿಗೆ ಅಂಟಿದ್ದ ಹಣವನ್ನು ಮೊದಲು ಬಿಡಿಸಿದೆವು. `Payment Reconciliation` ತೆರೆದು ಕ್ರೆಡಿಟ್ ನೋಟನ್ನು ಮೊದಲ ಬಿಲ್ಲಿಗೆ ಅಂಟಿಸಿದೆವು, ಬಾಕಿ 1,36,880ಕ್ಕೆ ಇಳಿಯಿತು. ಅದಕ್ಕೆ ಎರಡನೇ ಬಿಲ್ಲಿನ 94,400 ಸೇರಿಸಿದರೆ 2,31,280. ಬ್ಯಾಂಕಿಗೆ ಬಂದ 2,31,080, ಟಿಡಿಎಸ್ ಖಾತೆಗೆ 200. ಎರಡೂ ಬಿಲ್ ಸೊನ್ನೆ.

ಡೀಲರ್‌ಗೆ ಫೋನ್ ಮಾಡಿ ತಪ್ಪು ನಮ್ಮದೇ ಎಂದು ಹೇಳಿದೆ. "ಹೋಗ್ಲಿ ಬಿಡ್ರೀ, ಆ ನಾಕು ವಾಲ್ವ್ ಬದ್ಲಿ ಯಾವಾಗ ಕಳಸ್ತೀರಿ ಹೇಳ್ರೀ" ಅಂದರು. 200 ರೂಪಾಯಿ ಮಾತ್ರ ಟಿಡಿಎಸ್ ಖಾತೆಯಲ್ಲಿ ಇನ್ನೂ ಕೂತಿದೆ. ಅವರು ತ್ರೈಮಾಸಿಕ ರಿಟರ್ನ್ ಸಲ್ಲಿಸಿ ನಮ್ಮ ಪ್ಯಾನ್ ಎದುರು ಅದು ಕಾಣಿಸಿಕೊಂಡ ಮೇಲೆ ಆ ಟಿಕೆಟ್ಟನ್ನೂ ಹರಿಯಬಹುದು.