ಬ್ಲೋಔಟ್ ಎಂದರೆ ಸ್ಫೋಟವೇ? ರಿಗ್ ಇಂಡಕ್ಷನ್ ಅನುವಾದಿಸುವವರಿಗೆ ಉತ್ತರ

ಪ್ರಶ್ನೆ: ತೈಲಬಾವಿ ಕೊರೆಯುವ ರಿಗ್‌ಗೆ ಹೊಸದಾಗಿ ಬರುವ ಕೆಲಸಗಾರರಿಗೆ ಮೊದಲ ದಿನ ಓದಿ ಹೇಳುವ ಸುರಕ್ಷತಾ ಇಂಡಕ್ಷನ್ ಅನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಡ್‌ಗೆ ಕೆಸರು, ಕಿಕ್‌ಗೆ ಒದೆತ, ಬ್ಲೋಔಟ್‌ಗೆ ಸ್ಫೋಟ, ಬ್ಲೋಔಟ್ ಪ್ರಿವೆಂಟರ್‌ಗೆ ಸ್ಫೋಟ ನಿರೋಧಕ ಎಂದು ಬರೆದಿದ್ದೇನೆ. ಇವು ಸರಿಯೇ?

ಉತ್ತರ: ನಾಲ್ಕೂ ಸರಿಯಲ್ಲ. ಒದೆತ ನಗು ತರಿಸುತ್ತದೆ, ಅಷ್ಟೆ. ಕೇಳಿದವನು ಅರ್ಥವಾಗಲಿಲ್ಲ ಎಂದಾದರೂ ಹೇಳುತ್ತಾನೆ. ಸ್ಫೋಟ ಹಾಗಲ್ಲ. ಕೇಳಿದವನಿಗೆ ಅರ್ಥವಾಯಿತು ಎನಿಸುತ್ತದೆ, ಆದರೆ ಅರ್ಥವಾದದ್ದು ಬೇರೆಯೇ ಸಂಗತಿ. ಈ ಪ್ರಶ್ನೆಗೆ ನಾನು ಎಷ್ಟನೆಯ ಬಾರಿ ಉತ್ತರಿಸುತ್ತಿದ್ದೇನೆ ಎಂಬ ಲೆಕ್ಕವನ್ನು ಬಿಟ್ಟಿದ್ದೇನೆ. ಆದುದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮಡ್ ವಿಷಯ. ಕೊರೆಯುವಾಗ ಪಂಪು ಮಡ್ ಅನ್ನು ಪೈಪಿನ ಒಳಗಿನಿಂದ ತಳಕ್ಕೆ ಇಳಿಸುತ್ತದೆ. ಅದು ಪೈಪಿನ ತುದಿಯಲ್ಲಿ ಕಲ್ಲನ್ನು ಕೊರೆಯುವ ಬಿಟ್‌ನ ರಂಧ್ರಗಳಿಂದ ಹೊರಬಿದ್ದು, ಪೈಪಿನ ಹೊರಮೈಗೂ ಬಾವಿಯ ಗೋಡೆಗೂ ನಡುವಿನ ಸಂದಿಯಲ್ಲಿ ಕಲ್ಲಿನ ಚೂರುಗಳನ್ನು ಹೊತ್ತು ಮೇಲೇರಿ ಟ್ಯಾಂಕಿಗೆ ಮರಳುತ್ತದೆ. ಇದಕ್ಕಿಂತ ದೊಡ್ಡದು ಅದರ ಇನ್ನೊಂದು ಕೆಲಸ. ಬಾವಿಯ ಉದ್ದಕ್ಕೂ ನಿಂತ ಮಡ್‌ನ ಭಾರವೇ ಶಿಲಾಪದರದಲ್ಲಿರುವ ಅನಿಲ, ತೈಲ ಮತ್ತು ನೀರನ್ನು ಒಳಗೆ ಬರದಂತೆ ಒತ್ತಿ ಹಿಡಿದಿರುತ್ತದೆ. 2000 ಮೀಟರ್ ಆಳದ ಬಾವಿಯಲ್ಲಿ ಲೀಟರಿಗೆ 1.20 ಕಿಲೋ ತೂಗುವ ಮಡ್ ತಳದಲ್ಲಿ ಸುಮಾರು 235 ಬಾರ್ ಒತ್ತಡ ಹಾಕುತ್ತದೆ. ಅಲ್ಲಿನ ಶಿಲಾಪದರದ ಒತ್ತಡ 225 ಬಾರ್ ಎಂದುಕೊಂಡರೆ ಬಾವಿಯನ್ನು ಸುಮ್ಮನಿರಿಸಿರುವುದು ಆ 10 ಬಾರ್‌ನ ಹೆಚ್ಚುವರಿ ಒತ್ತಡ.

ಇದನ್ನು ಕೆಸರು ಎಂದು ಕರೆದರೆ ಏನಾಗುತ್ತದೆ ನೋಡಿ. ಕೆಸರು ಕಂಡವರು ತೊಳೆಯುತ್ತಾರೆ. ಅದು ಕನ್ನಡಿಗರ ತಪ್ಪಲ್ಲ, ಆ ಪದದ ಗುಣ. ಟ್ಯಾಂಕಿನ ಸುತ್ತ ತೊಳೆಯಲು ಹಿಡಿದ ಪೈಪಿನಿಂದ 50 ಘನಮೀಟರ್ ಮಡ್‌ಗೆ 5 ಘನಮೀಟರ್ ನೀರು ಸೇರಿತೆನ್ನಿ. ತೂಕ ಲೀಟರಿಗೆ 1.18 ಕಿಲೋಗೆ ಇಳಿಯುತ್ತದೆ. ಆ ತೆಳುವಾದ ಮಡ್ ಬಾವಿಯನ್ನು ತುಂಬಿಕೊಂಡಾಗ ತಳದಲ್ಲಿ ಸುಮಾರು 3.5 ಬಾರ್ ಕಡಿಮೆಯಾಗಿರುತ್ತದೆ, ಅಂದರೆ ಇದ್ದ ಹೆಚ್ಚುವರಿಯಲ್ಲಿ ಮೂರನೆಯ ಒಂದು ಭಾಗ ಹೋಗಿರುತ್ತದೆ. ಟ್ಯಾಂಕಿನ ಮಟ್ಟವೂ ಏರಿರುತ್ತದೆ. ಅದು ಏಕೆ ಏರಿತೆಂದು ಡ್ರಿಲ್ಲರ್‌ಗೆ ತಿಳಿದಿರುವುದಿಲ್ಲ. ಆದ್ದರಿಂದ ಮಡ್ ಅನ್ನು ಮಡ್ ಎಂದೇ ಬಿಡಿ, ರಿಗ್‌ನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಮೊದಲ ಸಲ ಬಂದಾಗ ಮಾತ್ರ "ಬಾವಿಯನ್ನು ಒತ್ತಿ ಹಿಡಿಯುವ, ತೂಕ ಅಳೆದು ಸಿದ್ಧಪಡಿಸಿದ ದ್ರವ" ಎಂಬ ವಿವರಣೆ ಸೇರಿಸಿ. ಅದರ ಮುಂದಿನ ವಾಕ್ಯವೇ "ಡ್ರಿಲ್ಲರ್‌ಗೆ ತಿಳಿಸದೆ ಟ್ಯಾಂಕಿಗೆ ಏನನ್ನೂ ಸೇರಿಸಬಾರದು, ಟ್ಯಾಂಕಿನಿಂದ ಏನನ್ನೂ ತೆಗೆಯಬಾರದು" ಎಂದಿರಲಿ.

ಈಗ ಸ್ಫೋಟದ ವಿಷಯ. ಬ್ಲೋಔಟ್ ಎಂದರೆ ಬಾವಿ ಸಿಡಿಯುವುದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ತಿದ್ದಿ ಕಳುಹಿಸಿದ ಪ್ರತಿಯೂ ಮತ್ತೆ ಸ್ಫೋಟ ಎಂದೇ ಅಚ್ಚಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಚಿತ್ರಗಳಲ್ಲಿ ಯಾವಾಗಲೂ ಬೆಂಕಿ ಕಾಣುತ್ತದಲ್ಲ ಎಂಬುದು ಇದನ್ನು ಸಮರ್ಥಿಸುವವರ ವಾದ. ಬೆಂಕಿ ಹತ್ತಿದ ಮೇಲೆ ಚಿತ್ರ ತೆಗೆದರೆ ಬೆಂಕಿಯೇ ಕಾಣುತ್ತದೆ. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನಲ್ಲಿ 5ನೆಯ ಸಂಖ್ಯೆಯ ಬಾವಿಯಿಂದ ಅನಿಲ ಅಂಕೆ ತಪ್ಪಿ ನುಗ್ಗಲಾರಂಭಿಸಿದ್ದು 2020ರ ಮೇ 27ರಂದು. ಅದಕ್ಕೆ ಬೆಂಕಿ ಹತ್ತಿದ್ದು ಜೂನ್ 9ರಂದು, ಅಂದರೆ 13 ದಿನಗಳ ನಂತರ. ಬಾವಿಯನ್ನು ಕೊನೆಗೂ ಅಡಗಿಸಿದ್ದು ನವೆಂಬರ್ ತಿಂಗಳಲ್ಲಿ. ಬ್ಲೋಔಟ್ ಎಂದರೆ ಸ್ಫೋಟವೇ ಆಗಿದ್ದರೆ ಆ 13 ದಿನ ಅಲ್ಲಿ ನಡೆಯುತ್ತಿದ್ದುದಕ್ಕೆ ನಮ್ಮ ಅನುವಾದದಲ್ಲಿ ಹೆಸರೇ ಇರುವುದಿಲ್ಲ. ಅನಿಲ ಹೊರಬರುವುದು ಬ್ಲೋಔಟ್. ಅದಕ್ಕೆ ಕಿಡಿ ಸಿಕ್ಕರೆ ಆಗುವುದು ಬೆಂಕಿ ಅಥವಾ ಸ್ಫೋಟ. ಉಪ್ಪುನೀರು ಮಾತ್ರವೇ ಅಂಕೆ ತಪ್ಪಿ ಹೊರನುಗ್ಗಿದರೂ ಅದು ಬ್ಲೋಔಟೇ, ಅಲ್ಲಿ ಉರಿಯಲು ಏನೂ ಇರುವುದಿಲ್ಲ.

ಇದು ಪದಗಳ ಕುರಿತ ಜಗಳವಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸ್ಫೋಟ ಎಂದು ಕಲಿತವನು ಸದ್ದಿಗಾಗಿ ಕಾಯುತ್ತಾನೆ, ಹೊಗೆಗಾಗಿ ನೋಡುತ್ತಾನೆ. ಬಾವಿ ಕೊಡುವ ಮೊದಲ ಸೂಚನೆಗಳಿಗೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಒಳಕ್ಕೆ ಕಳುಹಿಸುತ್ತಿರುವುದಕ್ಕಿಂತ ಹೆಚ್ಚು ಮಡ್ ಮರಳಿ ಬರುತ್ತದೆ. ಟ್ಯಾಂಕಿನ ಮಟ್ಟ ನಿಧಾನವಾಗಿ ಏರುತ್ತದೆ. ಪಂಪು ನಿಲ್ಲಿಸಿದ ಮೇಲೂ ಮಡ್ ಹರಿಯುತ್ತಲೇ ಇರುತ್ತದೆ. ಶಿಲಾಪದರದ ದ್ರವ ಬಾವಿಯೊಳಗೆ ಬಂದಿರುವುದರ ಗುರುತುಗಳಿವು, ಇದನ್ನೇ ಕಿಕ್ ಎನ್ನುವುದು. ಕಿಕ್ ಅನ್ನು ಗುರುತಿಸಿ ಮುಚ್ಚಿದರೆ ಬ್ಲೋಔಟ್ ಆಗುವುದಿಲ್ಲ. ಎರಡೂ ಒಂದೇ ಎಂದು ಅನುವಾದಿಸಿದರೆ, ಏನಾದರೂ ಮಾಡಲು ಸಾಧ್ಯವಿರುವ ಆ ನಡುವಿನ ಹೊತ್ತೇ ಪಾಠದಿಂದ ಮಾಯವಾಗುತ್ತದೆ.

ಆ ಹೊತ್ತು ಮೋಸಗೊಳಿಸುವ ಗುಣದ್ದು. ಮೊದಲು ಹೇಳಿದ ಬಾವಿಯ ತಳದಲ್ಲಿ 1 ಘನಮೀಟರ್ ಅನಿಲ ಒಳಬಂದಿತೆನ್ನಿ. ಯಾರೂ ಬಾವಿಯನ್ನು ಮುಚ್ಚದಿದ್ದರೆ ಅದು ಮಡ್‌ನೊಡನೆ ಮೇಲೇರುತ್ತ, ಮೇಲಿನ ಒತ್ತಡ ಕಡಿಮೆಯಾದಂತೆ ಹಿಗ್ಗುತ್ತದೆ. ಅರ್ಧ ದಾರಿಗೆ, ಅಂದರೆ 1000 ಮೀಟರ್ ಆಳಕ್ಕೆ ಬರುವಾಗ ಸುಮಾರು ಎರಡು ಪಟ್ಟಾಗಿರುತ್ತದೆ. 500 ಮೀಟರ್‌ನಲ್ಲಿ ಸುಮಾರು ನಾಲ್ಕು ಪಟ್ಟು. ಒಂದೂವರೆ ಕಿಲೋಮೀಟರ್ ಏರುವವರೆಗೆ ಟ್ಯಾಂಕಿನಲ್ಲಿ ಕಾಣುವ ಏರಿಕೆ ಇಷ್ಟೇ. ನೆಲದ ಮಟ್ಟಕ್ಕೆ ಬರುವಷ್ಟರಲ್ಲಿ ಅದೇ ಅನಿಲ ಸುಮಾರು 200 ಪಟ್ಟಾಗುತ್ತದೆ. ಹಿಗ್ಗುವ ಅನಿಲ ತನ್ನ ಮೇಲಿನ ಮಡ್ ಅನ್ನು ಹೊರದೂಡುತ್ತದೆ, ಮಡ್ ಹೋದಷ್ಟೂ ತಳದ ಒತ್ತಡ ಇಳಿಯುತ್ತದೆ, ಇಳಿದಷ್ಟೂ ಇನ್ನಷ್ಟು ಅನಿಲ ಒಳಬರುತ್ತದೆ. "ಸ್ವಲ್ಪ ನೋಡೋಣ" ಎಂದು ಕಾಯುವವನಿಗೆ ಸಿಗುವುದು ಆ ಕೊನೆಯ ಕೆಲವು ನಿಮಿಷಗಳು.

ಸ್ಫೋಟ ನಿರೋಧಕ ಎಂಬ ಪದದಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅನಿಲ ಸೇರಬಹುದಾದ ಜಾಗಗಳಲ್ಲಿ, ಒಳಗಿನ ಕಿಡಿ ಹೊರಗಿನ ಅನಿಲಕ್ಕೆ ತಗಲದಂತೆ ಕಟ್ಟಿದ ದೀಪ, ಸ್ವಿಚ್ಚು, ಮೋಟಾರುಗಳನ್ನೇ ಬಳಸುತ್ತಾರೆ. ಸ್ಫೋಟ ನಿರೋಧಕ ಎಂಬ ಹೆಸರು ನ್ಯಾಯವಾಗಿ ಸಲ್ಲುವುದು ಅವಕ್ಕೆ. ಬಾವಿಯ ಬಾಯಿಯ ಮೇಲೆ ಕುಳಿತಿರುವ ಯಂತ್ರಕ್ಕೂ ಅದೇ ಹೆಸರಿಟ್ಟರೆ ಒಂದೇ ಇಂಡಕ್ಷನ್‌ನಲ್ಲಿ ಎರಡು ವಸ್ತುಗಳು ಒಂದಾಗುತ್ತವೆ. "ಸ್ಫೋಟ ನಿರೋಧಕದ ಮುಚ್ಚಳ ತೆರೆಯಬೇಡಿ" ಎಂದು ಬರೆದರೆ ಕೆಲಸಗಾರ ದೀಪವನ್ನು ನೋಡಬೇಕೋ ಬಾವಿಯನ್ನೋ?

ಬಾವಿಯ ಬಾಯಿಯ ಈ ಯಂತ್ರವನ್ನು, ಅಂದರೆ ಬ್ಲೋಔಟ್ ಪ್ರಿವೆಂಟರ್ ಅನ್ನು, ಎಲ್ಲರೂ ಚುಟುಕಾಗಿ ಬಿಒಪಿ ಎನ್ನುತ್ತಾರೆ. ನೀವೂ ಹಾಗೆಯೇ ಬರೆದು "ಬಾವಿಯ ಬಾಯಿಯನ್ನು ಮುಚ್ಚುವ ದೊಡ್ಡ ಕವಾಟಗಳ ಜೋಡಣೆ" ಎಂದು ವಿವರಿಸಿ. ಅದರಲ್ಲಿ ಆನ್ಯುಲರ್ ಎಂಬ ರಬ್ಬರಿನ ಉಂಗುರ ಪೈಪಿನ ಸುತ್ತ ಬಿಗಿಯುತ್ತದೆ. ರ್ಯಾಮ್ ಎಂಬ ಉಕ್ಕಿನ ದಿಮ್ಮಿಗಳು ಎರಡೂ ಬದಿಯಿಂದ ಬಂದು ಕೂಡುತ್ತವೆ. ಹೊಸಬನಿಗೆ ಇಷ್ಟು ಸಾಕು. ಆದರೆ "ಬಿಒಪಿ ಇರುವುದರಿಂದ ಬಾವಿ ಸುರಕ್ಷಿತ" ಎಂಬ ಅರ್ಥ ಬರುವ ವಾಕ್ಯವನ್ನು ಮಾತ್ರ ಎಲ್ಲಿಯೂ ಬರೆಯಬೇಡಿ. ಬಿಒಪಿ ಕಿಕ್ ಅನ್ನು ತಡೆಯುವುದಿಲ್ಲ, ಒಳಬಂದದ್ದು ಹೊರಹೋಗದಂತೆ ಮುಚ್ಚುತ್ತದೆ. ಅದೂ ಯಾರಾದರೂ ಗಮನಿಸಿ ಮುಚ್ಚಿದರೆ. ಮೊದಲ ತಡೆ ಮಡ್, ಎರಡನೆಯದು ಬಿಒಪಿ. ಈ ಕ್ರಮವನ್ನು ಅನುವಾದ ತಲೆಕೆಳಗು ಮಾಡಬಾರದು.

ಹಾಗಾದರೆ ಕನ್ನಡ ಪದವೇ ಬೇಡವೇ ಎಂದು ಕೇಳುವಿರಿ. ವಿವರಿಸುವಾಗ ನಾನು ಕಿಕ್‌ಗೆ ಒಳನುಗ್ಗು, ಬ್ಲೋಔಟ್‌ಗೆ ಹೊರನುಗ್ಗು ಎಂಬ ಜೋಡಿಯನ್ನು ಬಳಸುತ್ತೇನೆ. ಒಂದು ಒಳಗೆ, ಇನ್ನೊಂದು ಹೊರಗೆ, ಒಂದರ ಹಿಂದೆ ಒಂದು. ಕೇಳಿದವರು ಕ್ರಮವನ್ನು ಮರೆಯುವುದಿಲ್ಲ. ಈ ಜೋಡಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ. ಇದರ ಮಿತಿಯನ್ನೂ ಹೇಳಿಬಿಡುತ್ತೇನೆ: ಒಂದು ಪದರದ ಅನಿಲ ಬಾವಿಯ ಮೂಲಕ ಇನ್ನೊಂದು ಪದರಕ್ಕೆ ಅಂಕೆಯಿಲ್ಲದೆ ಹರಿದರೆ ಅದೂ ಬ್ಲೋಔಟ್, ಆದರೆ ಅದು ಹೊರಗೆ ಬರುವುದೇ ಇಲ್ಲ. ಆ ಕಾರಣಕ್ಕೆ ಮೂಲಪದ ವಾಕ್ಯದಲ್ಲಿ ಉಳಿಯಲಿ, ಕನ್ನಡದ ಜೋಡಿ ಪಕ್ಕದಲ್ಲಿ ನಿಲ್ಲಲಿ. ಕೂಗಿ ಹೇಳಬೇಕಾದ ಹೊತ್ತಿನಲ್ಲಿ ರಿಗ್‌ನ ಮೇಲೆ ಎಲ್ಲರ ಬಾಯಲ್ಲಿ ಬರುವುದು ಕಿಕ್ ಎಂಬ ಪದವೇ. ಪಾಠದಲ್ಲಿ ಅದನ್ನು ಕೇಳದವನು ಆಗ ಮೊದಲ ಸಲ ಕೇಳುವಂತಾಗಬಾರದು.

ನೀವು ಕೇಳದ ಒಂದು ಪದವನ್ನೂ ಇಲ್ಲಿಯೇ ಪ್ರಸ್ತಾಪಿಸುತ್ತೇನೆ, ಏಕೆಂದರೆ ನಿಮ್ಮ ಕರಡಿನಲ್ಲಿ ಅದು ಖಂಡಿತವಾಗಿ ಇರುತ್ತದೆ. ಅದು ಟ್ರಿಪ್. ಇಂಡಕ್ಷನ್‌ನ ಮೊದಲ ಪುಟದಲ್ಲಿ ಅದು ಕಾಲು ಎಡವುವುದು. ವಿದ್ಯುತ್ತಿನ ಭಾಗದಲ್ಲಿ ಯಂತ್ರ ತಾನಾಗಿ ನಿಂತುಹೋಗುವುದು. ಬಾವಿಯ ಭಾಗಕ್ಕೆ ಬಂದರೆ ಪೈಪುಗಳ ಸಾಲನ್ನೆಲ್ಲ ಹೊರಗೆಳೆಯುವುದು ಅಥವಾ ಮತ್ತೆ ಇಳಿಸುವುದು. ಮೂರನೆಯದನ್ನು ಪ್ರವಾಸ ಎಂದು ಬರೆದ ಕರಡು ನನ್ನ ಮೇಜಿಗೆ ಬಂದಿದೆ. "ಪ್ರವಾಸದ ವೇಳೆ ಬಾವಿಯನ್ನು ತುಂಬಿಸುತ್ತಿರಬೇಕು" ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯದು.

ಆ ವಾಕ್ಯ ಹೇಳಬೇಕಾಗಿದ್ದುದು ಇಷ್ಟು. ಪೈಪನ್ನು ಎಳೆದಾಗ ಅದರ ಉಕ್ಕು ಆಕ್ರಮಿಸಿದ್ದ ಜಾಗ ಖಾಲಿಯಾಗಿ ಮಡ್‌ನ ಮಟ್ಟ ಇಳಿಯುತ್ತದೆ; ಅಷ್ಟೇ ಮಡ್ ಅನ್ನು ತುಂಬಿಸುತ್ತಿರಬೇಕು. ಐದು ಇಂಚಿನ ಸಾಮಾನ್ಯ ಡ್ರಿಲ್ ಪೈಪಿನ ಉಕ್ಕು ಮೀಟರಿಗೆ ಸುಮಾರು 4 ಲೀಟರ್ ಜಾಗ ಹಿಡಿಯುತ್ತದೆ, ಆದ್ದರಿಂದ 140 ಮೀಟರ್ ಪೈಪು ಹೊರಬಂದರೆ ಬಾವಿ ಸುಮಾರು 560 ಲೀಟರ್ ಮಡ್ ಕುಡಿಯಬೇಕು. 300 ಲೀಟರಿಗೇ ಬಾವಿ ತುಂಬಿದರೆ ಉಳಿದ 260 ಲೀಟರ್ ಜಾಗವನ್ನು ಶಿಲಾಪದರದಿಂದ ಬಂದದ್ದು ಹಿಡಿದಿದೆ. ಪಂಪು ನಿಂತಿರುತ್ತದೆ, ಮೇಲೆ ಏನೂ ಹರಿಯುತ್ತಿರುವುದಿಲ್ಲ, ಟ್ಯಾಂಕಿನ ಮಟ್ಟವೂ ಏರುವ ಬದಲು ಇಳಿದಿರುತ್ತದೆ. ಇಳಿಯಬೇಕಾದಷ್ಟು ಇಳಿದಿಲ್ಲ ಎಂಬುದೊಂದೇ ಗುರುತು. ನಿಮ್ಮ ಕರಡಿನ ಆ ಪುಟದಲ್ಲಿ "ಪೈಪು ಎಳೆಯುವಾಗ ಬಾವಿ ಲೆಕ್ಕಕ್ಕಿಂತ ಕಡಿಮೆ ಮಡ್ ಕುಡಿದರೆ ಎಳೆಯುವುದನ್ನು ನಿಲ್ಲಿಸಿ ಬಾವಿ ಹರಿಯುತ್ತಿದೆಯೇ ಎಂದು ನೋಡುತ್ತಾರೆ, ಆ ಲೆಕ್ಕ ಬರೆಯುವವರನ್ನು ಮಾತಿಗೆ ಎಳೆಯಬೇಡಿ" ಎಂದು ಬರೆಯಿರಿ.