ಚಿತ್ರದ ಬಾಯಿ ‘ಅಮ್ಮ’ ಅನ್ನಬೇಕಾದರೆ

ಕನ್ನಡಿ ಮುಂದೆ ನಿಂತು ಒಮ್ಮೆ ‘ಅಮ್ಮ’ ಎಂದು ಹೇಳಿ ನೋಡಿ. ಬಾಯಿ ತೆರೆಯುತ್ತದೆ, ತುಟಿಗಳು ಪೂರ್ತಿ ಕೂಡಿಕೊಳ್ಳುತ್ತವೆ, ಮತ್ತೆ ಬಾಯಿ ತೆರೆಯುತ್ತದೆ. ಎಲ್ಲವೂ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ನಡುವೆ ತುಟಿ ಕೂಡದಿದ್ದರೆ ಅದು ‘ಅಮ್ಮ’ ಅಲ್ಲವೇ ಅಲ್ಲ. ಕಿವಿಗೆ ‘ಮ್ಮ’ ಕೇಳಿಸುವಾಗ ಕಣ್ಣಿಗೆ ತೆರೆದ ಬಾಯಿ ಕಂಡರೆ, ಏನೋ ಸರಿಯಿಲ್ಲ ಅನ್ನುವುದು ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ನೇರಪ್ರಸಾರದಲ್ಲಿ ಆಟಕ್ಕೋ ವಿಡಿಯೊಗೋ ಮಾತು ಜೋಡಿಸುವ ಹಲವರು ಈಗ ತಮ್ಮ ಮುಖದ ಬದಲು ಒಂದು ಚಿತ್ರವನ್ನು ಮುಂದೆ ಬಿಡುತ್ತಾರೆ. ವೆಬ್‌ಕ್ಯಾಮ್ ಅವರ ಮುಖವನ್ನು ನೋಡುತ್ತದೆ. ಅವರು ತಲೆ ತಿರುಗಿಸಿದರೆ ಚಿತ್ರವೂ ತಿರುಗಿಸುತ್ತದೆ, ರೆಪ್ಪೆ ಮಿಟುಕಿಸಿದರೆ ಚಿತ್ರವೂ ಮಿಟುಕಿಸುತ್ತದೆ. ನಾನೂ ಇಂಥದ್ದೊಂದು ಅವತಾರವನ್ನು ಕಟ್ಟಿ ನಡೆಸಿದ್ದೇನೆ. ತಲೆ ತಿರುಗಿಸುವುದು ಸುಲಭವಾಗಿ ಬಂತು. ನಿಜವಾಗಿ ಸಮಯ ತಿಂದದ್ದು ಆ ‘ಮ್ಮ’ ಮತ್ತು ರೆಪ್ಪೆ. ಎರಡೂ ಕ್ಷಣಾರ್ಧದ ಚಲನೆಗಳು, ಎರಡೂ ಪೂರ್ತಿ ಮುಚ್ಚಲೇಬೇಕು.

ಮೊದಲು ಮುಖ ಹೇಗೆ ಸಂಖ್ಯೆಯಾಗುತ್ತದೆ ನೋಡೋಣ. ಮೀಡಿಯಾಪೈಪ್ ಎಂಬ ಗೂಗಲ್ ತಂತ್ರಾಂಶ ಪ್ರತಿ ಫ್ರೇಮ್‌ನಲ್ಲೂ ಮುಖದ ಮೇಲೆ 478 ಬಿಂದುಗಳನ್ನು ಗುರುತಿಸುತ್ತದೆ. ಪ್ರತಿ ಬಿಂದುವಿಗೂ ಒಂದು ನಂಬರ್ ಇದೆ. ಮೇಲ್ತುಟಿಯ ಒಳ ಅಂಚಿನ ನಡುಭಾಗ 13, ಕೆಳತುಟಿಯದ್ದು 14. ಕಣ್ಣುಗಳ ಹೊರ ಮೂಲೆಗಳು 33 ಮತ್ತು 263. ಇನ್ನೊಂದು ಕಡೆ ಚಿತ್ರವಿದೆ. ಲೈವ್2ಡಿಯಂಥ ತಂತ್ರಾಂಶದಲ್ಲಿ ಕಲಾವಿದರು ಬಾಯಿ, ರೆಪ್ಪೆ, ಕೂದಲನ್ನು ಬೇರೆ ಬೇರೆ ಪದರಗಳಾಗಿ ಬರೆದು, ಪ್ರತಿಯೊಂದೂ ಹೇಗೆ ಬಾಗಬೇಕು ಎಂದು ಮೊದಲೇ ಹೊಂದಿಸಿರುತ್ತಾರೆ. ಬಾಯಿಗೆ `ParamMouthOpenY` ಎಂಬ ಒಂದು ಹಿಡಿ ಇರುತ್ತದೆ. 0 ಎಂದರೆ ಮುಚ್ಚಿದ ಬಾಯಿ, 1 ಎಂದರೆ ಪೂರ್ತಿ ತೆರೆದ ಬಾಯಿ. ನಮ್ಮ ಕೆಲಸ ಆ ಬಿಂದುಗಳಿಂದ ಈ ಹಿಡಿಗೆ ಸೇತುವೆ ಕಟ್ಟುವುದು.

ಇಲ್ಲೇ ಮೊದಲ ತಪ್ಪು ಕಾದಿರುತ್ತದೆ. ಟ್ರ್ಯಾಕಿಂಗ್ ತಂತ್ರಾಂಶ `jawOpen` ಎಂಬ ಸಿದ್ಧ ಅಳತೆಯನ್ನೂ ಕೊಡುತ್ತದೆ. ಅದನ್ನೇ ನೇರವಾಗಿ ಬಾಯಿಗೆ ಕಟ್ಟಿಬಿಡೋಣ ಅನ್ನಿಸುತ್ತದೆ, ಅಲ್ವಾ? ಆದರೆ ಅದು ದವಡೆಯ ಅಳತೆ, ತುಟಿಯದ್ದಲ್ಲ. ಬೇಗ ಮಾತಾಡುವಾಗ ‘ಮ’ ಅನ್ನಲು ನಾವು ದವಡೆಯನ್ನು ಪೂರ್ತಿ ಎತ್ತುವುದಿಲ್ಲ. ದವಡೆ ಸ್ವಲ್ಪ ಕೆಳಗೇ ಇರುತ್ತದೆ, ತುಟಿಗಳಷ್ಟೇ ಬಂದು ಕೂಡುತ್ತವೆ. ದವಡೆಗೆ ಕಟ್ಟಿದ ಚಿತ್ರದ ಬಾಯಿ ಆಗ ತೆರೆದೇ ಇರುತ್ತದೆ. ಹಾಗಾಗಿ ತುಟಿಗಳ ನಡುವಿನ ಅಂತರವನ್ನೇ ಅಳೆಯುವುದು ಒಳ್ಳೆಯದು:

```python
gap = dist(p[13], p[14]) / dist(p[33], p[263])
```

ಭಾಗಿಸುವುದು ಏಕೆಂದರೆ, ಕ್ಯಾಮೆರಾಕ್ಕೆ ಹತ್ತಿರ ಬಾಗಿದರೆ ಮುಖದ ಎಲ್ಲ ಅಳತೆಗಳೂ ದೊಡ್ಡದಾಗುತ್ತವೆ. ಕಣ್ಣುಗಳ ದೂರದಿಂದ ಭಾಗಿಸಿದರೆ ಆ ವ್ಯತ್ಯಾಸ ಹೊರಟುಹೋಗುತ್ತದೆ. ಬಾಯಿಯ ಅಗಲದಿಂದ ಭಾಗಿಸಬೇಡಿ. ‘ಊ’ ಅನ್ನುವಾಗ ಬಾಯಿ ಕಿರಿದಾಗುತ್ತದೆ, ಭಾಗಲಬ್ಧ ಸುಮ್ನೆ ಮೇಲಕ್ಕೆ ಜಿಗಿಯುತ್ತದೆ. ತಲೆಯನ್ನು 30 ಡಿಗ್ರಿ ಪಕ್ಕಕ್ಕೆ ತಿರುಗಿಸಿದರೆ ಕಣ್ಣುಗಳ ದೂರವೂ ಸುಮಾರು 87 ಶೇಕಡಾಕ್ಕೆ ಇಳಿದಂತೆ ಕಾಣುತ್ತದೆ, ಆದರೆ ಅಷ್ಟು ದೋಷವನ್ನು ಚಿತ್ರ ತಾಳಿಕೊಳ್ಳುತ್ತದೆ.

ಈ ಅಂತರ ತುಟಿ ಮುಚ್ಚಿದಾಗ ನನಗೆ 0.01, ಗಟ್ಟಿಯಾಗಿ ‘ಆ’ ಅಂದಾಗ 0.18 ಬರುತ್ತಿತ್ತು. ಆಕಳಿಸಿದರೆ 0.4 ದಾಟುತ್ತಿತ್ತು. ಹಿಡಿಯ 1 ಅನ್ನು ಆಕಳಿಕೆಗೆ ಹೊಂದಿಸಿದರೆ ಮಾಮೂಲಿ ಮಾತಿಗೆ ಚಿತ್ರದ ಬಾಯಿ ಅರ್ಧವೂ ತೆರೆಯುವುದಿಲ್ಲ. ಆದ್ದರಿಂದ 0.18 ಬಂದರೆ 1 ಎಂದು ಇಟ್ಟೆ. ಕೆಳಗಿನ ತುದಿಯಲ್ಲಿ 0.025ಕ್ಕಿಂತ ಕಡಿಮೆ ಇರುವುದೆಲ್ಲ ಸೊನ್ನೆ ಎಂದು ಇಟ್ಟೆ. ಈ ಸಣ್ಣ ಅಂಚು ಇಲ್ಲದಿದ್ದರೆ, ತುಟಿ ಕೂಡಿದರೂ ಚಿತ್ರದಲ್ಲಿ ಒಂದು ಕಪ್ಪು ಗೆರೆ ಉಳಿದುಬಿಡುತ್ತದೆ.

ಈಗ ನಿಜವಾದ ತೊಡಕು. ನೀವು ಅಲ್ಲಾಡದೆ ಕೂತರೂ ಬಿಂದುಗಳು ಅಲ್ಲಾಡುತ್ತವೆ. ಕ್ಯಾಮೆರಾ ಚಿತ್ರದಲ್ಲಿ ಮುಖದ ಅಗಲ 200 ಪಿಕ್ಸೆಲ್ ಇದೆ ಅಂದುಕೊಳ್ಳಿ. ಆಗ ತೆರೆದ ರೆಪ್ಪೆಗಳ ನಡುವೆ ಇರುವುದು ಹೆಚ್ಚುಕಡಿಮೆ 14 ಪಿಕ್ಸೆಲ್ ಮಾತ್ರ. ಬಿಂದು ಒಂದೇ ಒಂದು ಪಿಕ್ಸೆಲ್ ಜಾರಿದರೂ ಕಣ್ಣಿನ ಅಳತೆ 7 ಶೇಕಡಾ ಬದಲಾಗುತ್ತದೆ. ಚಿತ್ರದ ರೆಪ್ಪೆ ಸದಾ ನಡುಗುತ್ತಿರುತ್ತದೆ. ನೋಡಲು ತುಂಬಾ ಕಿರಿಕಿರಿ.

ಎಲ್ಲರೂ ಮೊದಲು ಮಾಡುವ ಉಪಾಯ ನಯಗೊಳಿಸುವುದು. ಹೊಸ ಅಳತೆಯನ್ನು ಪೂರ್ತಿ ನಂಬದೆ, ಅದರ 20 ಶೇಕಡಾ, ಹಳೆಯ ಬೆಲೆಯ 80 ಶೇಕಡಾ ಬೆರೆಸುವುದು. ನಡುಕ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಣ್ಣಿಗೆ ಹಿತ. ಆದರೆ ಈಗ ಒಮ್ಮೆ ರೆಪ್ಪೆ ಮಿಟುಕಿಸಿ.

ಚುರುಕಾದ ಮಿಟುಕಿನಲ್ಲಿ ರೆಪ್ಪೆ ಇಳಿದು ಮತ್ತೆ ಏಳಲು ಶುರುವಾಗುವ ತನಕ ಹೆಚ್ಚುಕಡಿಮೆ 100 ಮಿಲಿಸೆಕೆಂಡ್. ಸೆಕೆಂಡಿಗೆ 30 ಫ್ರೇಮ್ ಕೊಡುವ ಕ್ಯಾಮೆರಾಕ್ಕೆ ಅದು ಮೂರು ಫ್ರೇಮ್. ನಿಜವಾದ ಅಳತೆ 1ರಿಂದ 0.5ಕ್ಕೆ, ಅಲ್ಲಿಂದ 0ಗೆ ಇಳಿದು, ಮೂರನೇ ಫ್ರೇಮ್‌ನಲ್ಲೂ 0 ಇರುತ್ತದೆ. ನಯಗೊಳಿಸಿದ ಬೆಲೆ ಏನಾಗುತ್ತದೆ? 0.90, ಆಮೇಲೆ 0.72, ಆಮೇಲೆ 0.58. ಅಷ್ಟರಲ್ಲಿ ನಿಮ್ಮ ಕಣ್ಣು ತೆರೆಯಲು ಶುರುವಾಯಿತು. ಚಿತ್ರದ ಕಣ್ಣು ಅರ್ಧವೂ ಮುಚ್ಚಲಿಲ್ಲ. ನೋಡುವವರಿಗೆ ಅದು ಮಿಟುಕಾಗಿ ಕಾಣುವುದಿಲ್ಲ, ನಿದ್ದೆಗಣ್ಣಾಗಿ ಕಾಣುತ್ತದೆ. ‘ಅಮ್ಮ’ದ ತುಟಿಗೂ ಇದೇ ಗತಿ. ನಡುಕ ತೆಗೆಯಲು ಹೋಗಿ ಮಾತಿನ ಅಕ್ಷರವನ್ನೇ ತೆಗೆದಂತಾಯಿತು.

ಇದಕ್ಕೆ ಸೊಗಸಾದ ಪರಿಹಾರವೊಂದಿದೆ. 2012ರಲ್ಲಿ ಕ್ಯಾಸಿಯೇ, ರೂಸೆಲ್ ಮತ್ತು ವೋಗೆಲ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ‘ಒನ್ ಯೂರೋ’ ಫಿಲ್ಟರ್ ಅದು. ಅದರ ಹಿಂದಿನ ಗಮನಿಕೆ ನನಗೆ ಬಹಳ ಇಷ್ಟ. ವಸ್ತು ನಿಂತಿರುವಾಗ ನಡುಕ ಎದ್ದು ಕಾಣುತ್ತದೆ, ತಡ ಕಾಣುವುದಿಲ್ಲ. ವಸ್ತು ಓಡುವಾಗ ತಡ ಕಾಣುತ್ತದೆ, ನಡುಕ ಕಾಣುವುದಿಲ್ಲ. ಹಾಗಾದರೆ ನಯಗೊಳಿಸುವ ಪ್ರಮಾಣ ಒಂದೇ ಯಾಕಿರಬೇಕು? ವೇಗ ನೋಡಿ ಬದಲಾಗಲಿ.

```python
cutoff = min_cutoff + beta * abs(speed)
tau    = 1 / (2 * math.pi * cutoff)
alpha  = 1 / (1 + tau * fps)
value  = alpha * raw + (1 - alpha) * value
```

ಇಲ್ಲಿ `alpha` ಎಂದರೆ ಹೊಸ ಅಳತೆಯನ್ನು ಎಷ್ಟು ನಂಬಬೇಕು ಎಂಬುದು. `min_cutoff` ಅನ್ನು 1 ಎಂದಿಟ್ಟರೆ, ಕಣ್ಣು ಅಲುಗದಿರುವಾಗ ಅದು 0.17ರ ಹತ್ತಿರ ಇರುತ್ತದೆ, ಅಂದರೆ ಹಿಂದಿನ ಉಪಾಯದಷ್ಟೇ ನಯ. ಕಣ್ಣು ಮುಚ್ಚಲು ಶುರುವಾದ ಕೂಡಲೇ `speed` ಏರುತ್ತದೆ. ಆ ವೇಗವನ್ನೂ ಫಿಲ್ಟರ್ ತನ್ನೊಳಗೆ ನಯಗೊಳಿಸಿಯೇ ಬಳಸುತ್ತದೆ. ವೇಗಕ್ಕೆ ಎಷ್ಟು ಮಹತ್ವ ಎಂದು ಹೇಳುವ `beta`ವನ್ನು 2 ಎಂದಿಟ್ಟು ಅದೇ ಮಿಟುಕನ್ನು ಲೆಕ್ಕ ಹಾಕಿದೆ. ಮೂರು ಫ್ರೇಮ್‌ಗಳ ಬೆಲೆ 0.72, 0.22, 0.08 ಬಂತು. 0.58 ಇದ್ದ ಜಾಗದಲ್ಲಿ 0.08. ಕಣ್ಣು ಮುಚ್ಚಿತು.

ಹೊಂದಿಸಲು ಒಂದು ಕ್ರಮವಿದೆ. ಮೊದಲು `beta` ಸೊನ್ನೆ ಮಾಡಿ, ಅಲ್ಲಾಡದೆ ಕೂತು, ನಡುಕ ನಿಲ್ಲುವ ತನಕ `min_cutoff` ಇಳಿಸುತ್ತ ಹೋಗಿ. ಆಮೇಲೆ ಬೇಗ ಬೇಗ ಮಿಟುಕಿಸುತ್ತ, ‘ಅಪ್ಪ ಅಮ್ಮ ಅಬ್ಬಬ್ಬ’ ಅನ್ನುತ್ತ `beta` ಏರಿಸಿ. ತೀರಾ ಏರಿಸಿದರೆ ಫಿಲ್ಟರ್ ನಡುಕವನ್ನೇ ಚಲನೆ ಎಂದು ನಂಬಲು ಶುರುಮಾಡುತ್ತದೆ, ರೆಪ್ಪೆ ಮತ್ತೆ ಅದುರುತ್ತದೆ. ಅಲ್ಲಿಂದ ಸ್ವಲ್ಪ ಹಿಂದೆ ಬಂದು ನಿಲ್ಲಿ. ತಲೆ, ಕಣ್ಣು, ಬಾಯಿಗೆ ಬೇರೆ ಬೇರೆ ಬೆಲೆ ಇಡಿ. ತಲೆ ಎಷ್ಟು ನಿಧಾನವಾದರೂ ಚೆಂದವೇ.

ಫಿಲ್ಟರ್ ಸರಿಯಿದ್ದೂ ‘ಮ’ ಮುಚ್ಚದಿದ್ದರೆ ದೀಪದ ಕಡೆ ನೋಡಿ. ನಾನು ಒಂದು ಸಂಜೆಯಿಡೀ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಣೆಯ ಮಬ್ಬಿನಲ್ಲಿತ್ತು. ಬೆಳಕು ಕಡಿಮೆಯಾದರೆ ಅನೇಕ ವೆಬ್‌ಕ್ಯಾಮ್‌ಗಳು ಹೆಚ್ಚು ಹೊತ್ತು ಬೆಳಕು ಹಿಡಿಯಲೆಂದು ತಾವಾಗಿಯೇ 30 ಫ್ರೇಮ್‌ನಿಂದ 15ಕ್ಕೆ ಇಳಿಯುತ್ತವೆ. ಆಗ ಎರಡು ಫ್ರೇಮ್‌ಗಳ ನಡುವೆ 67 ಮಿಲಿಸೆಕೆಂಡ್ ಅಂತರ. ಒಂದು ಚುರುಕಾದ ‘ಪ’ದಲ್ಲಿ ತುಟಿ ಕೂಡಿರುವ ಕ್ಷಣ ಒಂದೇ ಫ್ರೇಮ್‌ಗೆ ಸಿಗಬಹುದು, ಅದೂ ಮಸುಕಾಗಿ. ಕ್ಯಾಮೆರಾ ಕಾಣದ್ದನ್ನು ಯಾವ ಫಿಲ್ಟರ್ ಕೂಡ ತಂದುಕೊಡಲಾರದು. ಟ್ರ್ಯಾಕಿಂಗ್ ಪರದೆಯಲ್ಲಿ ಫ್ರೇಮ್ ದರ ಎಷ್ಟಿದೆ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಮುಖದ ಎದುರಿಗೆ ಒಂದು ದೀಪ ಇಟ್ಟರೆ ಸಾಕು.

ಕ್ಯಾಮೆರಾ ಬಿಟ್ಟು ಮೈಕ್‌ನಿಂದಲೇ ಬಾಯಿ ಆಡಿಸಬಾರದೇ? ಆಡಿಸಬಹುದು. 2016ರ ಮೇ ತಿಂಗಳಲ್ಲಿ ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಯಕ್ರಮದ ಹೋಮರ್ ಪಾತ್ರ ನೇರಪ್ರಸಾರದಲ್ಲಿ ಮಾತಾಡಿದಾಗ, ಅಡೋಬಿ ತಂತ್ರಾಂಶ ದನಿಯನ್ನು ಕೇಳಿಯೇ ತುಟಿ ಜೋಡಿಸಿತ್ತು. ಆದರೆ ಅದು ದನಿಯಿಂದ ಉಚ್ಚಾರವನ್ನು ಗುರುತಿಸುವ ತಂತ್ರ. ಬರೀ ದನಿಯ ಜೋರನ್ನು ಬಾಯಿಗೆ ಕಟ್ಟಿದರೆ ‘ಮ್‌ಮ್’ ಎಂದು ಹೂಂಗುಟ್ಟಿದಾಗಲೂ ಬಾಯಿ ತೆರೆಯುತ್ತದೆ. ತುಟಿ ಮುಚ್ಚಿದೆಯೋ ಇಲ್ಲವೋ ಎಂಬುದಕ್ಕೆ ಕ್ಯಾಮೆರಾದ ಸಾಕ್ಷಿಯೇ ಹೆಚ್ಚು ನಂಬಿಕೆಯದ್ದು.

ಇಷ್ಟೆಲ್ಲ ಆದ ಮೇಲೂ ಒಂದು ತಡ ಉಳಿಯುತ್ತದೆ. ಕ್ಯಾಮೆರಾ ಚಿತ್ರ ಹಿಡಿದು ಕಳಿಸಬೇಕು, ಬಿಂದುಗಳನ್ನು ಹುಡುಕಬೇಕು, ಫಿಲ್ಟರ್ ದಾಟಬೇಕು, ಚಿತ್ರ ಬರೆಯಬೇಕು. ದನಿಗೆ ಇಷ್ಟು ದೂರದ ದಾರಿಯಿಲ್ಲ, ಅದು ಮೊದಲೇ ಬಂದುಬಿಡುತ್ತದೆ. ಎಷ್ಟು ಮೊದಲು ಎಂದು ಅಳೆಯಲು ನಾನು ಒಬಿಎಸ್ ಎಂಬ ನೇರಪ್ರಸಾರ ತಂತ್ರಾಂಶದಲ್ಲಿ 60 ಫ್ರೇಮ್ ದರದಲ್ಲಿ ರೆಕಾರ್ಡ್ ಮಾಡುತ್ತ ‘ಪ’ ಎಂದು ಗಟ್ಟಿಯಾಗಿ ಹತ್ತು ಸಲ ಹೇಳಿದೆ. ‘ಪ’ ಒಳ್ಳೆಯ ಅಕ್ಷರ, ತುಟಿ ಸಿಡಿದು ತೆರೆಯುವ ಕ್ಷಣವೇ ದನಿಯ ಅಲೆಯಲ್ಲೂ ಚೂಪಾಗಿ ಏಳುತ್ತದೆ. ಎಡಿಟಿಂಗ್ ತಂತ್ರಾಂಶದಲ್ಲಿ ನೋಡಿದರೆ ಅಲೆ ಎದ್ದ ಆರು ಫ್ರೇಮ್ ಆದ ಮೇಲೆ ಚಿತ್ರದ ಬಾಯಿ ತೆರೆಯುತ್ತಿತ್ತು. ಆರು ಫ್ರೇಮ್ ಎಂದರೆ 100 ಮಿಲಿಸೆಕೆಂಡ್.

ಇದು ಸಣ್ಣದು ಅನ್ನಿಸಬಹುದು. ಆದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೇ ಜನಕ್ಕೆ ಗೊತ್ತಾಗುತ್ತದೆ. ಹಿಂದಿದ್ದರೆ 125ರ ತನಕ ಗೊತ್ತಾಗುವುದಿಲ್ಲ. ಈ ಪಕ್ಷಪಾತಕ್ಕೆ ಕಾರಣ ಊಹಿಸಬಹುದು. ಬೆಳಕು ದನಿಗಿಂತ ಬೇಗ, ದೂರದಲ್ಲಿ ನಿಂತವರ ಮಾತು ತುಟಿಗಿಂತ ತಡವಾಗಿ ತಲುಪುವುದು ನಮಗೆ ರೂಢಿ. ತುಟಿಗಿಂತ ಮೊದಲು ಮಾತು ಬರುವುದನ್ನು ಪ್ರಕೃತಿಯಲ್ಲಿ ನಾವು ಕಂಡೇ ಇಲ್ಲ.

ಹಾಗಾಗಿ ಚಿತ್ರವನ್ನು ಅವಸರಪಡಿಸುವ ಬದಲು ದನಿಯನ್ನು ತಡೆಯಬೇಕು. ಒಬಿಎಸ್‌ನ ‘Advanced Audio Properties’ನಲ್ಲಿ ಮೈಕ್‌ನ ‘Sync Offset’ ಅನ್ನು 100 ಎಂದಿಡಿ. ನೋಡುವವರಿಗೆ ಇದರ ಸುಳಿವೂ ಸಿಗುವುದಿಲ್ಲ. ಆದರೆ ಆಟದ ವಿಡಿಯೊ ಮತ್ತು ಅದರ ಸದ್ದು ಮೊದಲಿನ ವೇಗದಲ್ಲೇ ಬರುತ್ತಿರುತ್ತವೆ, ನಿಮ್ಮ ‘ಅಯ್ಯೋ!’ ಮಾತ್ರ ಅಷ್ಟು ಹಿಂದೆ ಬೀಳುತ್ತದೆ. ವಿಡಿಯೊಗೆ ‘Render Delay’ ಫಿಲ್ಟರ್ ಹಾಕಿ, ಆಟದ ಸದ್ದಿಗೂ ಅದೇ 100 ಕೊಡಿ. ಅವತಾರಕ್ಕೆ ಮಾತ್ರ ಏನೂ ಹಾಕಬೇಡಿ. ಅದು ಈಗಾಗಲೇ ಅಷ್ಟೇ ತಡವಾಗಿದೆ.

ಆಮೇಲೆ ಮತ್ತೆ ಹತ್ತು ಸಲ ‘ಪ’ ಹೇಳಿ ರೆಕಾರ್ಡ್ ಮಾಡಿ. ಫಿಲ್ಟರ್‌ನ ಬೆಲೆ ಬದಲಿಸಿದಾಗಲೆಲ್ಲ, ಕ್ಯಾಮೆರಾ ಬದಲಿಸಿದಾಗಲೆಲ್ಲ ಈ ಅಳತೆ ಹೊಸದಾಗಿ ಮಾಡಬೇಕು, ಯಾಕೆಂದರೆ ಆ ಆರು ಫ್ರೇಮ್ ಆಗ ನಾಲ್ಕೂ ಆಗಿರಬಹುದು, ಎಂಟೂ ಆಗಿರಬಹುದು.